ಅಪ್‌ಲೋಡ್ ಮಾಡಿದ ಫೋಟೋ, ಬರಹ ಯಾರದ್ದು? ಷರತ್ತಿನ ಪುಟ ಓದುವ ಸಮಗ್ರ ಮಾರ್ಗದರ್ಶಿ

ಡೊಂಬಿವಲಿಯ ನಮ್ಮ ಕನ್ನಡ ಬಳಗದವರು ನನಗೆ ವಾಟ್ಸಾಪಿನಲ್ಲಿ ಆಗಾಗ ಒಂದೇ ತರಹದ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಯಾವುದೋ ಸೈಟಿನ ಷರತ್ತಿನ ಒಂದು ಸಾಲು, ಅದರ ಸುತ್ತ ಕೆಂಪು ಗೆರೆ. "ನಿಮ್ಮ ಕಂಟೆಂಟಿನ ಮಾಲೀಕತ್ವ ನಿಮ್ಮದೇ" ಎಂಬ ಅರ್ಥದ ಇಂಗ್ಲಿಷ್ ಸಾಲು ಅದು. ಕೆಳಗೆ ಪ್ರಶ್ನೆ: "ಅಂದ್ರೆ ಫೋಟೋ ನಂದೇ ಅಲ್ವಾ? ಹಾಕ್ಲಾ?"

ಎಡವುವುದು ಇಲ್ಲೇ. ಆ ಸಾಲು ನಿಜವೇ ಇರಬಹುದು. ಆದರೆ ನಿಮಗೆ ಬೇಕಾದ ಉತ್ತರ ಅದರ ಮುಂದಿನ ಸಾಲಿನಲ್ಲಿರುತ್ತದೆ. ಕೆಲವು ಸಲ ಬೇರೆಯೇ ಪುಟದಲ್ಲಿರುತ್ತದೆ.

ನಮ್ಮ ಅತ್ತಿಗೆಗೂ ಹಾಗೇ ಆಯಿತು. ಅವರು ಮುಲುಂಡಿನಲ್ಲಿದ್ದಾರೆ. ಮಳೆಗಾಲದಲ್ಲಿ ದಾದರ್ ಮಾರ್ಕೆಟ್ಟಿನಿಂದ ಕೆಸುವಿನ ಎಲೆ ತಂದು (ಇಲ್ಲಿ ಅಳು ಎಲೆ ಅಂದರೇ ಕೊಡುತ್ತಾರೆ) ಪತ್ರೊಡೆ ಮಾಡಿದರು. ಮಾಡುವ ಬಗೆಯನ್ನು, ತಮ್ಮ ಅಜ್ಜಿ ಎಲೆ ಸುತ್ತುತ್ತಿದ್ದ ರೀತಿಯನ್ನು ಚೆಂದ ಮಾಡಿ ಬರೆದರು. ಮಗ ಫೋಟೋ ತೆಗೆದ. ಎರಡನ್ನೂ ಒಂದು ಅಡುಗೆ ಸ್ಪರ್ಧೆಯ ಸೈಟಿಗೆ ಹಾಕಿದರು. ಬಹುಮಾನ ಬರಲಿಲ್ಲ. ಆರು ತಿಂಗಳಾದ ಮೇಲೆ ಪಾತ್ರೆ ಅಂಗಡಿಯಿಂದ ಫೋನ್ ಮಾಡಿದರು: "ಇದೆಂತ ಮಾರಾಯ, ನನ್ನ ಪತ್ರೊಡೆ ಆ ಸ್ಪರ್ಧೆಯವರ ಇಡ್ಲಿ ಕುಕ್ಕರಿನ ಡಬ್ಬದ ಮೇಲೆ ಕೂತಿದೆ!"

ಆ ಸೈಟಿನ ಷರತ್ತುಗಳನ್ನು ಅಂದು ರಾತ್ರಿ ಕೂತು ಓದಿದೆ. ಓದಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ, ಅಪ್‌ಲೋಡಿಗೆ ಮುಂಚೆ ಓದುವವರಿಗೆ ಹೊಂದುವ ಹಾಗೆ.

## ಏನೇನು ಬೇಕು

ಕಂಪ್ಯೂಟರ್ ಇದ್ದರೆ ಒಳ್ಳೆಯದು. ಫೋನಿನಲ್ಲೂ ಆಗುತ್ತದೆ, ಆದರೆ ಆಪ್ ಒಳಗೆ ಷರತ್ತುಗಳು ಸಿಗುವುದು ಕಷ್ಟ, ಸಿಕ್ಕರೂ ಅದರೊಳಗೆ ಪದ ಹುಡುಕಲು ಆಗುವುದಿಲ್ಲ. ಫೋನೇ ಗತಿ ಅಂದರೆ ಆಪ್ ಬಿಟ್ಟು ಬ್ರೌಸರಿನಲ್ಲಿ ಸೈಟ್ ತೆರೆಯಿರಿ. ಕ್ರೋಮ್ ಆದರೆ ಮೂರು ಚುಕ್ಕಿಯ ಮೆನುವಿನಲ್ಲಿ Find in page ಇರುತ್ತದೆ. ಕಂಪ್ಯೂಟರಿನಲ್ಲಿ Ctrl+F.

ಜೊತೆಗೆ ಒಂದು ಹಾಳೆ, ಪೆನ್ನು. ಇಪ್ಪತ್ತು ನಿಮಿಷ. ಇಡೀ ಪುಟ ಓದುವ ಅಗತ್ಯವಿಲ್ಲ, ಓದಿಯೂ ಯಾರೂ ಮುಗಿಸುವುದಿಲ್ಲ.

## ಹಂತ 1: ಕೊಡಲು ಅದು ನಿಮ್ಮದಾ ನೋಡಿ

ಸೈಟ್ ತೆರೆಯುವ ಮುಂಚಿನ ಕೆಲಸ ಇದು. ಇದನ್ನು ಯಾರೂ ಮಾಡುವುದಿಲ್ಲ.

ಭಾರತದ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಬರಹದ ಮೊದಲ ಮಾಲೀಕ ಬರೆದವರು, ಫೋಟೋದ ಮೊದಲ ಮಾಲೀಕ ಅದನ್ನು ತೆಗೆದವರು. ಫೋಟೋದಲ್ಲಿ ಇರುವವರಲ್ಲ, ಕ್ಯಾಮೆರಾ ಕೊಂಡವರೂ ಅಲ್ಲ. ನೋಂದಣಿ ಮಾಡಿಸಲೇಬೇಕೆಂದಿಲ್ಲ, ಕ್ಲಿಕ್ಕಿಸಿದಾಗಲೇ ಹಕ್ಕು ಹುಟ್ಟುತ್ತದೆ.

ಇದಕ್ಕೆ ಎರಡು ಮುಖ್ಯ ಅಪವಾದಗಳಿವೆ. ದುಡ್ಡು ಕೊಟ್ಟು, ಹೇಳಿ ತೆಗೆಸಿದ ಫೋಟೋ ಆದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಮೊದಲ ಮಾಲೀಕರು ತೆಗೆಸಿದವರು. ಮದುವೆ ಆಲ್ಬಮ್ ಇದಕ್ಕೆ ಸರಿಯಾದ ಉದಾಹರಣೆ. ಆದರೆ ಫೋಟೋಗ್ರಾಫರ್ ಸಹಿ ಹಾಕಿಸಿಕೊಂಡ ಕಾಗದದಲ್ಲಿ ಬೇರೆ ಏನಾದರೂ ಇದೆಯಾ ನೋಡಿಕೊಳ್ಳಿ. ಇನ್ನೊಂದು, ನೌಕರಿಯ ಕೆಲಸವಾಗಿಯೇ ತೆಗೆದದ್ದು, ಬರೆದದ್ದು. ಅದು ಸಾಮಾನ್ಯವಾಗಿ ಕಂಪನಿಯದ್ದು.

ಈಗ ಅತ್ತಿಗೆಯ ವಿಷಯಕ್ಕೆ ಬನ್ನಿ. ಬರಹ ಅವರದ್ದು. ಫೋಟೋ? ಮಗನದ್ದು. ಅವನಿಗೆ ಆಗ ಹದಿನಾರು. "ನಮ್ಮನೆ ಹುಡುಗ, ಅವನದ್ದೆಂತ ಬೇರೆ" ಅಂದರು ಅತ್ತಿಗೆ. ಮನೆಯಲ್ಲಿ ಆ ಮಾತು ಸರಿ. ಹಂತ 6ರಲ್ಲಿ ಇದು ಮತ್ತೆ ಬರುತ್ತದೆ.

## ಹಂತ 2: ಎಲ್ಲ ಪುಟಗಳನ್ನೂ ಒಟ್ಟುಗೂಡಿಸಿ

ಸೈಟಿನ ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿ Terms of Use ಅಥವಾ Terms of Service ಎಂಬ ಕೊಂಡಿ ಇರುತ್ತದೆ. ಅದು ಮುಖ್ಯ ಪುಟ. Privacy Policy ಎನ್ನುವುದು ನಿಮ್ಮ ಫೋನ್ ನಂಬರ್, ಇಮೇಲ್‌ನಂತಹ ಮಾಹಿತಿಯ ಬಗ್ಗೆ. ಮಾಲೀಕತ್ವಕ್ಕಾಗಿ ಅದನ್ನು ಓದುತ್ತಾ ಕೂತವರನ್ನು ನೋಡಿದ್ದೇನೆ, ಸುಮ್ನೆ ಸಮಯ ದಂಡ.

ಸ್ಪರ್ಧೆ, ಅಭಿಯಾನ, ವಿಶೇಷ ಸಂಚಿಕೆ ಅಂತ ಏನಾದರೂ ಇದ್ದರೆ ಅದಕ್ಕೆ ಬೇರೆ ನಿಯಮಗಳ ಪುಟ ಇರುತ್ತದೆ. ಅದು ಸೈಟಿನ ಕೆಳಗೆ ಸಿಗುವುದಿಲ್ಲ. ಸ್ಪರ್ಧೆಯ ಫಾರ್ಮಿನ ಹತ್ತಿರ, ಟಿಕ್ ಮಾಡುವ ಚೌಕದ ಪಕ್ಕದಲ್ಲಿ ಇರುತ್ತದೆ. ಒಂದಕ್ಕೊಂದು ಹೊಂದದಿದ್ದರೆ ಯಾವುದು ನಡೆಯುತ್ತದೆ ಎಂದು ತಿಳಿಯಲು prevail ಅಥವಾ conflict ಎಂಬ ಪದ ಹುಡುಕಿ. ಸಾಮಾನ್ಯವಾಗಿ ಸ್ಪರ್ಧೆಯ ನಿಯಮವೇ ನಡೆಯುತ್ತದೆ ಎಂದು ಬರೆದಿರುತ್ತಾರೆ.

ಅತ್ತಿಗೆ ಹಾಕಿದ ಸೈಟಿನ ಮುಖ್ಯ ಷರತ್ತು ಹೀಗಿತ್ತು:

```
You retain ownership of your User Content.
```

ಸ್ಪರ್ಧೆಯ ನಿಯಮಗಳ ಹನ್ನೊಂದನೇ ಅಂಶ ಹೀಗಿತ್ತು:

```
All entries shall become the sole property
of the Organiser upon submission.
```

ಮೊದಲನೆಯದು "ನಿಮ್ಮದು ನಿಮ್ಮದೇ" ಅನ್ನುತ್ತದೆ. ಎರಡನೆಯದು "ಕಳಿಸಿದ ಕ್ಷಣದಿಂದ ಪೂರ್ತಿ ನಮ್ಮದು" ಅನ್ನುತ್ತದೆ. ಅವರು ಓದಿದ್ದು ಮೊದಲನೆಯದನ್ನು, ಟಿಕ್ ಹಾಕಿದ್ದು ಎರಡನೆಯದಕ್ಕೆ.

ಪುಟಗಳು ಸಿಕ್ಕಿದ ಮೇಲೆ ಪ್ರತಿಯೊಂದನ್ನೂ Ctrl+P ಒತ್ತಿ ಪಿಡಿಎಫ್ ಮಾಡಿ ಉಳಿಸಿಕೊಳ್ಳಿ. ಮೇಲೆ ಅಥವಾ ಕೆಳಗೆ Last updated ಎಂದು ತಾರೀಕು ಇರುತ್ತದೆ, ಅದನ್ನು ಹಾಳೆಯಲ್ಲಿ ಬರೆದುಕೊಳ್ಳಿ. ಷರತ್ತುಗಳು ಬದಲಾಗುತ್ತಿರುತ್ತವೆ. ನೀವು ಒಪ್ಪಿದ ದಿನ ಏನಿತ್ತು ಎಂಬುದಕ್ಕೆ ನಿಮ್ಮ ಪಿಡಿಎಫ್ ಬಿಟ್ಟರೆ ಬೇರೆ ಸಾಕ್ಷಿ ಸುಲಭವಾಗಿ ಸಿಗದು. ಹಳೆಯದು ಈಗಾಗಲೇ ಕೈಬಿಟ್ಟು ಹೋಗಿದ್ದರೆ web.archive.org ನಲ್ಲಿ ಆ ಪುಟದ ವಿಳಾಸ ಹಾಕಿ ನೋಡಿ, ಅದೃಷ್ಟ ಇದ್ದರೆ ಹಳೆಯ ಪ್ರತಿ ಇರುತ್ತದೆ.

## ಹಂತ 3: ಸರಿಯಾದ ಪದ ಹುಡುಕಿ

ಜಾಸ್ತಿ ಜನ own ಎಂದು ಹುಡುಕುತ್ತಾರೆ. ಆಗ down, known, download ಎಲ್ಲವೂ ಸಿಕ್ಕಿ ತಲೆ ಕೆಡುತ್ತದೆ. ಅದರ ಬದಲು ಇವನ್ನು ಒಂದೊಂದಾಗಿ ಹುಡುಕಿ:

```
licen
ownership
property
assign
moral
terminat
```

ಮೊದಲನೆಯದು ಅರ್ಧ ಪದ, ಬೇಕೆಂದೇ ಹಾಗೆ ಬರೆದಿದ್ದೇನೆ. ಆ ಪದವನ್ನು ಅಮೆರಿಕದವರು ಒಂದು ತರಹ ಬರೆಯುತ್ತಾರೆ, ನಮ್ಮಲ್ಲಿ ಇನ್ನೊಂದು ತರಹ. ಅರ್ಧ ಹಾಕಿದರೆ ಎರಡೂ ಸಿಗುತ್ತವೆ, ಸಬ್‌ಲೈಸೆನ್ಸ್ ಎನ್ನುವುದೂ ಸಿಗುತ್ತದೆ. ಕೊನೆಯದೂ ಹಾಗೇ.

ಮೂರು ಕಡೆ ಸುಳ್ಳು ಗಾಬರಿ ಆಗುತ್ತದೆ. ಇವನ್ನು ಗುರುತಿಟ್ಟುಕೊಂಡರೆ ಅರ್ಧ ಗೊಂದಲ ಹೋಗುತ್ತದೆ.

ಒಂದು, ಪುಟದ ಕೊನೆಯಲ್ಲಿ ಬರುವ assign. ಅಲ್ಲಿ ಅದು ಬಹುತೇಕ "ಈ ಒಪ್ಪಂದವನ್ನು ನಾವು ಬೇರೆ ಕಂಪನಿಗೆ ವಹಿಸಬಹುದು" ಎಂಬ ಅರ್ಥದಲ್ಲಿರುತ್ತದೆ. ಕಂಪನಿ ಮಾರಾಟವಾದರೆ ಬೇಕಾಗುವ ಸಾಲು ಅದು, ನಿಮ್ಮ ಫೋಟೋ ಬಗ್ಗೆ ಅಲ್ಲ. ಅದೇ ಪದ "ನೀವು ನಮಗೆ ಅಸೈನ್ ಮಾಡುತ್ತೀರಿ" ಎಂದು ಬಂದರೆ ಮಾತ್ರ ಎಚ್ಚರ.

ಎರಡು, "ಈ ಸೈಟಿನ ಎಲ್ಲ ಕಂಟೆಂಟ್ ನಮ್ಮದು" ಎಂಬ ಸಾಲು. ಇಲ್ಲಿ ಕಂಟೆಂಟ್ ಎಂದರೆ ಏನು ಎಂದು ಮೇಲೆ ಎಲ್ಲೋ ವಿವರಿಸಿರುತ್ತಾರೆ. ಬಳಕೆದಾರರು ಹಾಕಿದ್ದಕ್ಕೆ User Content ಎಂದು ಬೇರೆ ಹೆಸರಿಟ್ಟಿದ್ದರೆ ಭಯವಿಲ್ಲ, ಆ ಸಾಲು ಅವರ ಲೋಗೋ, ವಿನ್ಯಾಸದ ಬಗ್ಗೆ. ಬೇರೆ ಹೆಸರೇ ಇಲ್ಲದಿದ್ದರೆ ನಿಮ್ಮದೂ ಅದರೊಳಗೆ ಸೇರಿರಬಹುದು.

ಮೂರು, Feedback ಎಂಬ ಭಾಗ. ಸೈಟಿನ ಬಗ್ಗೆ ನೀವು ಕೊಡುವ ಸಲಹೆ ಅವರದ್ದಾಗುತ್ತದೆ ಎನ್ನುತ್ತಾರೆ. ಅದು ನಿಮ್ಮ ಕತೆ, ಕವಿತೆಗೆ ಸಂಬಂಧಿಸಿದ್ದಲ್ಲ.

## ಹಂತ 4: ಕೊಟ್ಟುಬಿಡುವುದಾ, ಬಾಡಿಗೆಗಾ?

ಈಗ ಸಿಕ್ಕ ಸಾಲುಗಳನ್ನು ಎರಡು ರಾಶಿ ಮಾಡಿ. ಹಕ್ಕನ್ನೇ ಬರೆದುಕೊಡುವುದು ಅಸೈನ್‌ಮೆಂಟ್. ಮುಂಬೈಯವರಿಗೆ ಬೇಗ ಅರ್ಥವಾಗುವ ಹಾಗೆ ಹೇಳುವುದಾದರೆ ಫ್ಲ್ಯಾಟ್ ಮಾರಿದ ಹಾಗೆ. ಲೈಸೆನ್ಸ್ ಎಂದರೆ ಲೀವ್ ಅಂಡ್ ಲೈಸೆನ್ಸ್ ಕರಾರು. ಮನೆ ನಿಮ್ಮದೇ, ಇರುವವರು ಅವರು.

ಅಸೈನ್‌ಮೆಂಟಿಗೆ ನಮ್ಮ ಕಾಯ್ದೆ ಬಿಗಿ ಕಟ್ಟಿದೆ. ಅದು ಬರವಣಿಗೆಯಲ್ಲಿರಬೇಕು, ಕೊಡುವವರ ಸಹಿ ಇರಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ 5 ವರ್ಷ ಎಂದೇ ಲೆಕ್ಕ. ಯಾವ ದೇಶಗಳಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಚೌಕದಲ್ಲಿ ಟಿಕ್ ಹಾಕಿದ್ದು ಸಹಿ ಆಗುತ್ತದಾ ಎಂಬುದು ವಕೀಲರು ವಾದ ಮಾಡುವ ಜಾಗ, ಅದನ್ನೇ ನಂಬಿಕೊಂಡು ಅಪ್‌ಲೋಡ್ ಮಾಡಬೇಡಿ. ಆದರೆ ವರ್ಷ, ದೇಶ ಬರೆದಿಲ್ಲ ಎಂಬುದನ್ನು ಖಂಡಿತ ಹಾಳೆಯಲ್ಲಿ ಗುರುತು ಮಾಡಿ. ಅತ್ತಿಗೆಯ ಹನ್ನೊಂದನೇ ಅಂಶವನ್ನು ಮತ್ತೆ ನೋಡಿ, ಅದರಲ್ಲಿ ಎರಡೂ ಇಲ್ಲ.

ಇನ್ನೊಂದು ಸಂಗತಿ. ಹಕ್ಕು ಬರೆದುಕೊಟ್ಟ ಮೇಲೂ "ಇದನ್ನು ಮಾಡಿದ್ದು ನಾನು" ಎಂದು ಹೇಳಿಕೊಳ್ಳುವ ಹಕ್ಕು ಉಳಿಯುತ್ತದೆ, ಕಾಯ್ದೆಯ 57ನೇ ಸೆಕ್ಷನ್ ಇದನ್ನೇ ಹೇಳುತ್ತದೆ. moral ಎಂದು ಹುಡುಕಲು ಹೇಳಿದ್ದು ಇದಕ್ಕೇ. ಆ ಪದದ ಹತ್ತಿರ waive ಎಂದಿದ್ದರೆ, ನಿಮ್ಮ ಹೆಸರು ಹಾಕದಿದ್ದರೂ ಕೇಳಬೇಡಿ ಎನ್ನುತ್ತಿದ್ದಾರೆ ಎಂದರ್ಥ.

## ಹಂತ 5: ಲೈಸೆನ್ಸ್ ಸಾಲನ್ನು ತುಂಡು ಮಾಡಿ ಓದಿ

ದೊಡ್ಡ ಸೈಟುಗಳಲ್ಲಿ ಹೆಚ್ಚಿನವು ಮಾಲೀಕತ್ವ ಕೇಳುವುದಿಲ್ಲ, ಲೈಸೆನ್ಸ್ ಕೇಳುತ್ತವೆ. ಹಾಗಾಗಿ ನಿಮ್ಮ ಸಮಯದ ಮುಕ್ಕಾಲು ಭಾಗ ಇಲ್ಲಿ ಹೋಗಬೇಕು. ಸಾಲು ಉದ್ದ ಇರುತ್ತದೆ. ಉಸಿರು ಬಿಡದೆ ಓದಿದರೆ ಏನೂ ತಲೆಗೆ ಹೋಗದು. ಒಂದು ಕಟು ಮಾದರಿ:

```
You grant us a non-exclusive, perpetual,
irrevocable, sublicensable licence to use
your content for any purpose.
```

ಹಾಳೆಯಲ್ಲಿ ನಾಲ್ಕು ಪ್ರಶ್ನೆ ಬರೆದು ಪಕ್ಕದಲ್ಲಿ ಉತ್ತರ ತುಂಬಿ.

ನಾನು ಬೇರೆಯವರಿಗೂ ಕೊಡಬಹುದಾ? non-exclusive ಇದ್ದರೆ ಕೊಡಬಹುದು. ಬರೀ exclusive ಇದ್ದರೆ ಅದೇ ಕತೆಯನ್ನು ನೀವು ಪತ್ರಿಕೆಗೂ ಕಳಿಸುವಂತಿಲ್ಲ. ಆ non ಎಂಬ ಮೂರಕ್ಷರವನ್ನು ಕಣ್ಣು ಹಾರಿಸಿಬಿಡುತ್ತದೆ. ಎರಡು ಸಲ ನೋಡಿ.

ಎಷ್ಟು ದಿನ? perpetual ಎಂದರೆ ಎಂದೆಂದಿಗೂ. irrevocable ಎಂದರೆ ನೀವು ಹಿಂದೆ ತೆಗೆದುಕೊಳ್ಳುವಂತಿಲ್ಲ. ಎರಡೂ ಒಟ್ಟಿಗೆ ಇದ್ದರೆ ಡಿಲೀಟ್ ಬಟನ್ ಒತ್ತಿದರೂ ಅವರ ಹಕ್ಕು ಉಳಿಯುತ್ತದೆ. ಎರಡೂ ಇಲ್ಲದಿದ್ದರೆ terminat ಹುಡುಕಿ, ಯಾವಾಗ ಮುಗಿಯುತ್ತದೆ ಎಂದು ಓದಿ. ಇನ್‌ಸ್ಟಾಗ್ರಾಮಿನ ಷರತ್ತಿನ ಪ್ರಕಾರ ನಿಮ್ಮ ಕಂಟೆಂಟ್ ಅವರ ವ್ಯವಸ್ಥೆಯಿಂದ ಅಳಿಸಿಹೋದಾಗ ಲೈಸೆನ್ಸ್ ಮುಗಿಯುತ್ತದೆ. ಅಳಿಸಲು 90 ದಿನದವರೆಗೆ ಹಿಡಿಯಬಹುದು. ಬೇರೆಯವರು ಅದನ್ನು ಹಂಚಿಕೊಂಡು ಇಟ್ಟುಕೊಂಡಿದ್ದರೆ ಅಲ್ಲಿಯವರೆಗೂ ಉಳಿಯಬಹುದು.

ಯಾರ್ಯಾರ ಕೈಗೆ ಹೋಗಬಹುದು? sublicensable ಅಥವಾ transferable ಎಂದರೆ ಅವರು ಮೂರನೆಯವರಿಗೆ ಕೊಡಬಹುದು. ಇದನ್ನು ನೋಡಿದ ಕೂಡಲೇ ಹೆದರಬೇಕಿಲ್ಲ. ಇನ್‌ಸ್ಟಾಗ್ರಾಮ್ ಕೂಡ ಎರಡನ್ನೂ ಕೇಳುತ್ತದೆ. ನಿಮ್ಮ ಪೋಸ್ಟನ್ನು ಇನ್ನೊಬ್ಬರು ಹಂಚಿಕೊಳ್ಳಲು, ಬೇರೆ ಕಂಪನಿಯ ಸರ್ವರಿನಲ್ಲಿ ಇಡಲು ಅದು ಬೇಕಾಗುತ್ತದೆ. ಅಪಾಯ ಅಳೆಯಬೇಕಾದದ್ದು ಮುಂದಿನ ಪ್ರಶ್ನೆಯ ಜೊತೆ ಸೇರಿಸಿ.

ಯಾತಕ್ಕೆ? ನನ್ನ ಮಟ್ಟಿಗೆ ನಾಲ್ಕರಲ್ಲಿ ದೊಡ್ಡದು ಇದು. "ಸೇವೆ ನಡೆಸಲು, ಸುಧಾರಿಸಲು" ಎಂದಿದ್ದರೆ ಗೇಟಿಗೆ ಬೀಗ ಇದೆ. "ಯಾವುದೇ ಉದ್ದೇಶಕ್ಕೆ" ಎಂದಿದ್ದರೆ ಗೇಟೇ ಇಲ್ಲ. ನಡುವೆ ಒಂದು ಜಾಗ ಇದೆ, ಪ್ರಚಾರ. ಗೂಗಲ್ ತನ್ನ ಷರತ್ತಿನಲ್ಲಿ ನಿಮ್ಮ ಕಂಟೆಂಟ್ ನಿಮ್ಮದೇ ಎನ್ನುತ್ತದೆ. ಜೊತೆಗೆ, ನೀವು ಎಲ್ಲರಿಗೂ ಕಾಣುವಂತೆ ಬರೆದ ವಿಮರ್ಶೆಯ ಮಾತನ್ನು ತನ್ನ ಆಪಿನ ಪ್ರಚಾರಕ್ಕೆ ಬಳಸಬಹುದು ಎಂದೂ ಹೇಳುತ್ತದೆ. ಮಾಟುಂಗದ ಉಡುಪಿ ಹೋಟೆಲಿನ ದೋಸೆ ಬಗ್ಗೆ ನೀವು ಬರೆದ ಎರಡು ಸಾಲು ಹಾಗೆ ಎಲ್ಲೋ ಕಾಣಿಸಿದರೆ ಅದು ಕಳ್ಳತನ ಅಲ್ಲ, ನೀವು ಒಪ್ಪಿದ್ದು.

ಮೇಲಿನ ಮಾದರಿ ಸಾಲನ್ನು ಈಗ ತುಂಬಿ ನೋಡಿ. ಬೇರೆಯವರಿಗೂ ಕೊಡಬಹುದು, ಸರಿ. ಕಾಲಮಿತಿ ಇಲ್ಲ, ವಾಪಸ್ ಇಲ್ಲ, ಯಾರಿಗಾದರೂ ಹೋಗಬಹುದು, ಯಾತಕ್ಕಾದರೂ ಬಳಸಬಹುದು. ಮಾಲೀಕರು ಕಾಗದದ ಮೇಲೆ ನೀವೇ. ಆದರೆ ಕುಕ್ಕರ್ ಡಬ್ಬ ಮಾಡಲು ಅವರಿಗೆ ಇಷ್ಟು ಸಾಕು. ಪ್ರಶ್ನೆಗೆ ಉತ್ತರ ಬರೀ ಮಾಲೀಕತ್ವದ ಸಾಲಿನಲ್ಲಿ ಇಲ್ಲ ಎಂದದ್ದು ಇದಕ್ಕೇ.

ಕೆಲವು ಕಡೆ ಈ ತರಹದ ಲೈಸೆನ್ಸ್ ಬೇಕೆಂದೇ ಇರುತ್ತದೆ, ಮುಚ್ಚುಮರೆ ಇಲ್ಲ. ವಿಕಿಮೀಡಿಯ ಕಾಮನ್ಸಿಗೆ ನೀವು ತೆಗೆದ ದೇವಸ್ಥಾನದ ಫೋಟೋ ಹಾಕಿದರೆ ಯಾರು ಬೇಕಾದರೂ, ವ್ಯಾಪಾರಕ್ಕೂ, ಬಳಸಬಹುದು. ನಿಮ್ಮ ಲೈಸೆನ್ಸ್ ಹೆಸರು ಹಾಕಬೇಕೆಂದು ಕೇಳಿದರೆ ಹೆಸರು ಹಾಕಬೇಕು. ಕೊಟ್ಟದ್ದನ್ನು ವಾಪಸ್ ಪಡೆಯಲಾಗದು. ಅನ್‌ಸ್ಪ್ಲಾಶ್ ಎಂಬ ಫೋಟೋ ಸೈಟಿನಲ್ಲಿ ಹೆಸರು ಹಾಕುವ ಕಟ್ಟಳೆಯೂ ಇಲ್ಲ. ತಿಳಿದು ಕೊಟ್ಟರೆ ಒಳ್ಳೆಯ ಕೆಲಸವೇ. ಪುಣೆಯ ಸ್ನೇಹಿತರೊಬ್ಬರು ಶನಿವಾರವಾಡೆಯ ತಮ್ಮ ಅತ್ಯುತ್ತಮ ಫೋಟೋವನ್ನೇ ಹಾಗೆ ಹಾಕಿ, ಆಮೇಲೆ ಅದನ್ನು ಕ್ಯಾಲೆಂಡರಿನವರಿಗೆ ಮಾರಲು ಹೋದರು. "ಇದು ಪುಕ್ಕಟೆ ಸಿಗುತ್ತಲ್ಲ" ಅಂದರಂತೆ ಅವರು.

## ಹಂತ 6: ನೀವು ಕೊಡುವ ಮಾತು ಓದಿ

represent, warrant, indemnify ಎಂಬ ಪದಗಳ ಸುತ್ತ ನೋಡಿ. "ಇದರ ಎಲ್ಲ ಹಕ್ಕೂ ನನ್ನದೇ, ತಕರಾರು ಬಂದರೆ ಖರ್ಚು ನಾನೇ ಭರಿಸುತ್ತೇನೆ" ಎಂದು ನಿಮ್ಮ ಬಾಯಲ್ಲಿ ಹೇಳಿಸಿರುತ್ತಾರೆ.

ಅತ್ತಿಗೆಗೆ ಇಲ್ಲಿ ಒಂದು ದಾರಿ ಕಂಡಿತು. ಫೋಟೋ ಮಗನದ್ದು, ಅವನು ಟಿಕ್ ಹಾಕಿಲ್ಲ. ಹಾಕಿದ್ದರೂ ಹದಿನೆಂಟು ತುಂಬದವರ ಕರಾರಿಗೆ ನಮ್ಮ ಕಾನೂನಿನಲ್ಲಿ ಬೆಲೆ ಇಲ್ಲ. ಹಾಗಾದರೆ ಫೋಟೋ ಸಂಘಟಕರದ್ದು ಆಗಿಲ್ಲ ಎಂದು ವಾದಿಸಬಹುದು. ಆದರೆ ಈ ಚೂರಿಗೆ ಎರಡೂ ಕಡೆ ಅಲಗು. "ಎಲ್ಲ ಹಕ್ಕೂ ನನ್ನದೇ" ಎಂದು ಟಿಕ್ ಹಾಕಿದ್ದು ಅತ್ತಿಗೆ. ಮಗನ ಫೋಟೋ ಎಂದರೆ, ಅವರು ಕೊಟ್ಟ ಮಾತು ಸುಳ್ಳು ಎಂದಾಗುತ್ತದೆ. ಹಾಗಾಗಿ ಪತ್ರ ಬರೆಯುವಾಗ ದನಿ ಏರಿಸಲಿಲ್ಲ.

ಬೇರೆಯವರ ಮುಖ ಇರುವ ಫೋಟೋ, ವಾಟ್ಸಾಪಿನಲ್ಲಿ ಬಂದ ಫೋಟೋ, ಬೇರೆಯವರ ಸಾಲು ಸೇರಿದ ಬರಹ ಇವಕ್ಕೂ ಈ ಹಂತ ಅನ್ವಯಿಸುತ್ತದೆ.

## ನಿಲ್ಲಬೇಕಾದ ಜಾಗಗಳು

ಇವು ಕಂಡರೆ ಅಪ್‌ಲೋಡ್ ಮಾಡದೆ ಮೊದಲು ಇಮೇಲ್ ಬರೆದು ಕೇಳಿ:

- ಗೆಲ್ಲದ ಪ್ರವೇಶಗಳೂ ಸಂಘಟಕರ ಸ್ವತ್ತು ಎಂಬ ಸಾಲು. ಬಹುಮಾನ ಬಂದವರ ಫೋಟೋ ಬಳಸುವುದು ಬೇರೆ, ಕಳಿಸಿದ ಎಲ್ಲರದ್ದೂ ಇಟ್ಟುಕೊಳ್ಳುವುದು ಬೇರೆ.
- ಟಿಕ್ ಚೌಕ ಇದೆ, ಆದರೆ ಕೊಂಡಿ ಒತ್ತಿದರೆ ಪುಟ ತೆರೆಯುವುದಿಲ್ಲ.
- ಸೈಟಿನಲ್ಲಿ ಕಂಪನಿಯ ವಿಳಾಸವಾಗಲಿ, ದೂರು ಅಧಿಕಾರಿಯ ಹೆಸರಾಗಲಿ ಇಲ್ಲ.

## ಈಗಾಗಲೇ ಹಾಕಿಬಿಟ್ಟಿದ್ದರೆ

ಮೊದಲು ಡಿಲೀಟ್ ಮಾಡಬೇಡಿ. ಸಿಟ್ಟಿನಲ್ಲಿ ಎಲ್ಲರೂ ಮಾಡುವ ತಪ್ಪು ಇದು. ನೀವು ಯಾವತ್ತು ಹಾಕಿದಿರಿ ಎಂಬುದಕ್ಕೆ ಆ ಪುಟವೇ ಸಾಕ್ಷಿ. ಅದರ ಸ್ಕ್ರೀನ್‌ಶಾಟ್, ದೃಢೀಕರಣದ ಇಮೇಲ್, ಕ್ಯಾಮೆರಾದಲ್ಲಿರುವ ಮೂಲ ಫೈಲ್ ಇವನ್ನು ಒಂದು ಫೋಲ್ಡರಿಗೆ ಹಾಕಿ. ವಾಟ್ಸಾಪಿನಲ್ಲಿ ಫೋಟೋವಾಗಿ ಹೋಗಿ ಬಂದ ಪ್ರತಿ ಬೇಡ, ತೆಗೆದ ತಾರೀಕು, ಸಮಯದ ಮಾಹಿತಿ ಅದರಲ್ಲಿ ಉಳಿದಿರುವುದಿಲ್ಲ.

ಆಮೇಲೆ ಸೈಟಿನ ದೂರು ಅಧಿಕಾರಿಗೆ ಬರೆಯಿರಿ. Grievance Officer ಎಂದು ಹುಡುಕಿದರೆ ಹೆಸರು, ಇಮೇಲ್ ಸಿಗುತ್ತದೆ. ಜನ ಬರೆದದ್ದನ್ನು, ಹಾಕಿದ್ದನ್ನು ಪ್ರಕಟಿಸುವ ಸೈಟುಗಳು 2021ರ ಐಟಿ ನಿಯಮಗಳ ಪ್ರಕಾರ ಇದನ್ನು ಹಾಕಲೇಬೇಕು, ದೂರು ಬಂದಿದೆ ಎಂದು 24 ಗಂಟೆಯೊಳಗೆ ತಿಳಿಸಲೂಬೇಕು. ಪತ್ರ ಅರ್ಧ ಪುಟ ಮೀರುವುದು ಬೇಡ: ಯಾವ ಫೋಟೋ, ಯಾರು ತೆಗೆದದ್ದು, ಎಲ್ಲಿ ಕಂಡಿತು, ನಿಮಗೆ ಏನಾಗಬೇಕು. ದೊಡ್ಡ ಮೊತ್ತದ ವಿಷಯವಾದರೆ ಪತ್ರ ಕಳಿಸುವ ಮುಂಚೆಯೇ ವಕೀಲರನ್ನು ನೋಡಿ.

ಅತ್ತಿಗೆ ಎರಡನ್ನು ಕೇಳಿದರು. ಫೋಟೋ ತೆಗೆಯಿರಿ, ಬರಹಕ್ಕೆ ನನ್ನ ಹೆಸರು ಹಾಕಿ. ಎರಡು ವಾರದಲ್ಲಿ ಸೈಟಿನಿಂದ ಫೋಟೋ ಹೋಯಿತು, ಬರಹದ ಕೆಳಗೆ ಹೆಸರು ಬಂತು. ಅಚ್ಚಾದ ಡಬ್ಬಗಳು ಮುಗಿಯುವವರೆಗೆ ಮಾರಾಟವಾಗುತ್ತವೆ ಎಂದು ಉತ್ತರ ಬರೆದರು. ದುಡ್ಡಿನ ಮಾತೇ ಇರಲಿಲ್ಲ.

ಈ ಮಳೆಗಾಲ ಒಂದು ಸ್ಮರಣ ಸಂಚಿಕೆಯವರು ಅದೇ ಪತ್ರೊಡೆ ಬರಹ ಕೇಳಿದರು. ಹಳೆಯದು ಕೊಡಲಾಗದು ಎಂದು ಅತ್ತಿಗೆ ಹೊಸದಾಗಿ ಬರೆದರು, ಮಗ ಹೊಸ ಫೋಟೋ ತೆಗೆದ. ಇಮೇಲಿನ ಕೊನೆಗೆ ಒಂದು ಸಾಲು ಸೇರಿಸಿದರು: "ಬರಹ ನನ್ನದು, ಫೋಟೋ ನನ್ನ ಮಗನದ್ದು, ಈ ಸಂಚಿಕೆಯಲ್ಲಿ ಒಂದು ಸಲ ಹಾಕಲು ಮಾತ್ರ ಕೊಡುತ್ತಿದ್ದೇವೆ, ಇಬ್ಬರ ಹೆಸರೂ ಇರಲಿ." ಸಂಪಾದಕರು "ಆಯ್ತಮ್ಮ" ಎಂದು ಉತ್ತರ ಹಾಕಿದರು. ಆ ಉತ್ತರದ ಪಿಡಿಎಫ್ ಕೂಡ ಫೋಲ್ಡರಿನಲ್ಲಿದೆ.